ತಂತಿಗೂ ಕೇಬಲ್‌ಗೂ ಒಂದೇ ಬ್ರೇಕರ್: 11 ಕೆವಿ ಫೀಡರ್‌ಗೆ ಆಟೋ ರಿಕ್ಲೋಸ್ ಆರಿಸುವುದು ಹೇಗೆ

ಮಳೆಗಾಲ ಹತ್ತಿರ ಬಂದ ಹಾಗೆ ಗೆಳೆಯರಿಂದ ಒಂದೇ ಪ್ರಶ್ನೆ ಬರುತ್ತದೆ: "ನಮ್ಮ ಫೀಡರ್‌ಗೆ ಆಟೋ ರಿಕ್ಲೋಸ್ ಇಡೋದಾ, ತೆಗೆಯೋದಾ?" ಫಾಲ್ಟ್‌ಗೆ ಟ್ರಿಪ್ ಆದ ಬ್ರೇಕರ್ ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಮತ್ತೆ ಹಾಕಿಕೊಳ್ಳುವುದೇ ಆಟೋ ರಿಕ್ಲೋಸ್. ಶಿರಸಿ ಕಡೆಯವರು ಇಡಬೇಕು ಅನ್ನುತ್ತಾರೆ. ಕಾರವಾರ ಪೇಟೆಯಲ್ಲಿ ಕೆಲಸ ಮಾಡುವವರು ತೆಗೆದುಬಿಡಿ ಅನ್ನುತ್ತಾರೆ. ಇಬ್ಬರೂ ಹೇಳುವುದು ಅವರವರ ಲೈನಿಗೆ ಸರಿ. ಘಟ್ಟದ ಮೇಲೆ ಇರುವುದು ಕಾಡಿನ ನಡುವೆ ಹಾದ ತಂತಿ. ಪೇಟೆಯಲ್ಲಿ ಇರುವುದು ನೆಲದೊಳಗಿನ ಕೇಬಲ್. ಕಷ್ಟ ಇರುವುದು ನಡುವಿನ ಫೀಡರ್‌ಗಳಲ್ಲಿ. ಸಬ್‌ಸ್ಟೇಷನ್‌ನಿಂದ ಮೊದಲ ಮುನ್ನೂರೋ ನಾನೂರೋ ಮೀಟರ್ ಕೇಬಲ್, ಹೆದ್ದಾರಿ ದಾಟಿದ ಮೇಲೆ ಕಂಬ ಹತ್ತಿ ಹದಿನೈದು ಕಿಲೋಮೀಟರ್ ತಂತಿ. ಕರಾವಳಿಯಲ್ಲಿ ಇಂಥವು ಬೇಕಾದಷ್ಟಿವೆ. ಈ ಬರಹ ಮುಖ್ಯವಾಗಿ ಅವುಗಳ ಬಗ್ಗೆ.

ಮೊದಲು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ

ಒಂದು, ಫೀಡರ್‌ನಲ್ಲಿ ಕೇಬಲ್ ಎಷ್ಟು, ಎಲ್ಲಿದೆ? ಶುರುವಿನಲ್ಲೇ ಇದ್ದರೆ ಒಂದು ಲೆಕ್ಕ, ನಡುವೆ ತುಂಡು ತುಂಡಾಗಿ ಇದ್ದರೆ ಬೇರೆಯೇ ಲೆಕ್ಕ. ಎರಡು, ಲೈನಿನಲ್ಲಿ ಆಗುವ ಫಾಲ್ಟ್ ಎಂಥದ್ದು? ಸಿಡಿಲೋ, ಅಡಿಕೆ ಸೋಗೆಯೋ, ಬಾವಲಿಯೋ? ಮೂರು, ನಿಮ್ಮ ಬ್ರೇಕರ್‌ಗೆ ಎಷ್ಟು ಬೇಗ, ಎಷ್ಟು ಸಲ ಮತ್ತೆ ಹಾಕುವ ತಾಕತ್ತು ಇದೆ? ನಾಲ್ಕು, ಲೈನಿನ ತುದಿಯಲ್ಲಿ ಯಾರಿದ್ದಾರೆ? ಐಸ್ ಪ್ಲಾಂಟಿನ ದೊಡ್ಡ ಮೋಟರ್, ಮಹಡಿ ಮೇಲಿನ ಸೋಲಾರ್, ತೋಟದ ಪಂಪ್‌ಸೆಟ್, ಇವು ಮತ್ತೆ ಹಾಕುವ ಮೊದಲು ಕಾಯುವ ಡೆಡ್ ಟೈಮನ್ನು ನೇರವಾಗಿ ಬದಲಾಯಿಸುತ್ತವೆ.

ಓವರ್‌ಹೆಡ್ ಲೈನಿನಲ್ಲಿ ಆಗುವ ಫಾಲ್ಟ್‌ಗಳಲ್ಲಿ ನೂರಕ್ಕೆ 80ರಿಂದ 90 ತಾತ್ಕಾಲಿಕ ಎಂದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಸಿಡಿಲಿನ ಒತ್ತಡಕ್ಕೆ ಇನ್ಸುಲೇಟರ್ ಮೇಲೆ ಆರ್ಕ್ ಹೊತ್ತಿಕೊಳ್ಳುತ್ತದೆ. ಬ್ರೇಕರ್ ಟ್ರಿಪ್ ಆದರೆ ಆರ್ಕ್ ಆರುತ್ತದೆ. ಬಿಸಿಯಾದ ಗಾಳಿ ಚದುರಿ ಹೊಸ ಗಾಳಿ ಬಂದರೆ ಇನ್ಸುಲೇಟರ್ ಮತ್ತೆ ಮೊದಲಿನ ಹಾಗೆ. ಗಾಳಿ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಆಟೋ ರಿಕ್ಲೋಸ್‌ನ ಇಡೀ ಬಂಡವಾಳ ಇಷ್ಟೇ. ಕೇಬಲ್‌ನ ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಇನ್ಸುಲೇಷನ್ ಹಾಗೆ ಮಾಡಿಕೊಳ್ಳುವುದಿಲ್ಲ. ಒಮ್ಮೆ ತೂತಾದರೆ ಆ ತೂತಿನ ಗೋಡೆ ಕರಿಕಾಗಿ ಉಳಿಯುತ್ತದೆ.

ಡೆಡ್ ಟೈಮ್: 0.3 ಸೆಕೆಂಡೋ, 3 ಸೆಕೆಂಡೋ, 15 ಸೆಕೆಂಡೋ?

ಬ್ರೇಕರ್‌ನಲ್ಲಿ ಆರ್ಕ್ ಆರಿದ ಗಳಿಗೆಯಿಂದ ಲೈನ್ ಮತ್ತೆ ಚಾರ್ಜ್ ಆಗುವವರೆಗಿನ ಸಮಯವೇ ಡೆಡ್ ಟೈಮ್. ಆರ್ಕ್ ಇದ್ದ ಗಾಳಿ ತಣಿಯಲು ಕನಿಷ್ಠ ಎಷ್ಟು ಬೇಕು ಎನ್ನುವುದಕ್ಕೆ ಹಳೆಯ ಒಂದು ಸೂತ್ರ ಇದೆ. ಅದರಲ್ಲಿ ಬರುವ ಸೈಕಲ್ 60 ಹರ್ಟ್ಸ್‌ನದು ಎನ್ನುವುದು ನೆನಪಿರಲಿ:

```
t = 10.5 + kV/34.5
```

11 ಕೆವಿ ಹಾಕಿದರೆ 10.8 ಸೈಕಲ್, ಅಂದರೆ ಸುಮಾರು 0.18 ಸೆಕೆಂಡ್. ಸ್ವಲ್ಪ ಅಂತರ ಬಿಟ್ಟು 0.3 ಅನ್ನುತ್ತಾರೆ. ಹಾಗಾದರೆ ಎಲ್ಲರೂ 0.3 ಇಟ್ಟರೆ ಆಯ್ತಲ್ವಾ? ಇಲ್ಲ. ಅದು ಆರ್ಕ್‌ಗೆ ಬೇಕಾದ ಕನಿಷ್ಠ. ಫೀಡರ್‌ಗೆ ಏನು ಬೇಕು ಎನ್ನುವುದನ್ನು ಅದು ಹೇಳುವುದಿಲ್ಲ.

0.3 ಸೆಕೆಂಡ್ ಒಳ್ಳೆಯದಾಗುವುದು ಸಿಡಿಲಿಗೆ ಮಾತ್ರ. ತಂತಿಗೆ ತಾಗಿದ ಅಡಿಕೆ ಸೋಗೆ 0.3 ಸೆಕೆಂಡಿನಲ್ಲಿ ಕೆಳಗೆ ಬೀಳುವುದಿಲ್ಲ. ಗಾಳಿಗೆ ಬಾಗಿದ ಬಿದಿರು ವಾಪಸ್ ನೆಟ್ಟಗಾಗುವುದಿಲ್ಲ. ಲೈನಿನಲ್ಲಿ ದೊಡ್ಡ ಮೋಟರ್ ಇದ್ದರೆ ಕರೆಂಟ್ ಹೋದ ಮೇಲೂ ಅದು ತಿರುಗುತ್ತಾ ಸ್ವಲ್ಪ ಹೊತ್ತು ತನ್ನದೇ ವೋಲ್ಟೇಜ್ ಕೊಡುತ್ತಿರುತ್ತದೆ. ಅದು ಕರಗುವ ಮೊದಲೇ, ತಾಳ ತಪ್ಪಿದ ಗಳಿಗೆಯಲ್ಲಿ ಬ್ರೇಕರ್ ಹಾಕಿದರೆ ಮೋಟರ್‌ನ ಶಾಫ್ಟ್‌ಗೆ ಜೋರಾದ ಹೊಡೆತ ಬೀಳುತ್ತದೆ. ಸೋಲಾರ್ ಇನ್ವರ್ಟರ್‌ಗಳದ್ದೂ ಹೀಗೇ. ಗ್ರಿಡ್ ಹೋಯಿತೆಂದು ತಿಳಿದು ಬಿಟ್ಟುಕೊಳ್ಳಲು ಅವುಗಳಿಗೆ 2 ಸೆಕೆಂಡ್ ತನಕ ಅವಕಾಶ ಇದೆ. ಅಷ್ಟರೊಳಗೆ ಅವು ಆರ್ಕ್‌ಗೆ ಉಸಿರು ಕೊಡುತ್ತಿದ್ದರೆ ನಿಮ್ಮ ಮೊದಲ ಪ್ರಯತ್ನ ವ್ಯರ್ಥ.

ಅದಕ್ಕೇ ನಮ್ಮ ಕಡೆಯ ಹಳ್ಳಿ ಫೀಡರ್‌ಗೆ ನಾನು ಮೊದಲ ಡೆಡ್ ಟೈಮ್ 3 ಸೆಕೆಂಡ್ ಇಡಿ ಅನ್ನುತ್ತೇನೆ. 0.3 ಇಟ್ಟರೂ ಪಂಪ್‌ನ ಸ್ಟಾರ್ಟರ್ ಬಿದ್ದೇ ಬೀಳುತ್ತದೆ, ಟಿವಿ ಆರಿಯೇ ಆರುತ್ತದೆ. ಮನೆಯವರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಲೈನಿಗೆ ಮಾತ್ರ ಆ ಮೂರು ಸೆಕೆಂಡ್ ದೊಡ್ಡ ಉಪಕಾರ.

15–20 ಸೆಕೆಂಡಿನ ಎರಡನೇ ಪ್ರಯತ್ನ ಸೋಗೆ, ರೆಂಬೆಗಳಿಗಾಗಿ. ಅಷ್ಟು ಹೊತ್ತಿಗೆ ಸುಟ್ಟೋ ಜಾರಿಯೋ ಬೀಳುತ್ತವೆ. ಆದರೆ ಇಲ್ಲಿ ಎಷ್ಟೋ ಜನ ನೋಡದೇ ಬಿಡುವ ಒಂದು ವಿಷಯ ಇದೆ. ಬ್ರೇಕರ್‌ನ ನೇಮ್‌ಪ್ಲೇಟ್ ಮುಂದೆ ನಿಂತು ಓದಿ. ತುಂಬ ಬ್ರೇಕರ್‌ಗಳಲ್ಲಿ ಹೀಗೆ ಇರುತ್ತದೆ:

```
O - 0.3 s - CO - 3 min - CO
```

ಅಂದರೆ ಟ್ರಿಪ್ ಆಗಿ, 0.3 ಸೆಕೆಂಡ್ ಬಿಟ್ಟು ಒಮ್ಮೆ ಹಾಕಿ ತೆಗೆಯಬಹುದು. ಆಮೇಲಿನದಕ್ಕೆ 3 ನಿಮಿಷ ಕಾಯಬೇಕು. ಪೂರ್ತಿ ಫಾಲ್ಟ್ ಕರೆಂಟನ್ನು ಕಡಿಯುವ ಭರವಸೆ ಕೊಟ್ಟಿರುವುದು ಆ ಕ್ರಮಕ್ಕೆ ಮಾತ್ರ. ಸ್ಪ್ರಿಂಗ್ ಮತ್ತೆ ಚಾರ್ಜ್ ಆಗಲಿಕ್ಕೂ ಹತ್ತು ಹದಿನೈದು ಸೆಕೆಂಡ್ ಬೇಕು. ಅಂಥ ಬ್ರೇಕರ್‌ಗೆ 15 ಸೆಕೆಂಡಿನ ಎರಡನೇ ಪ್ರಯತ್ನ ಇಡಬೇಡಿ, ಒಂದೇ ಸಾಕು. ಕಂಬದ ಮೇಲೆ ಕೂರಿಸುವ ರಿಕ್ಲೋಸರ್‌ಗಳು ಬೇಗ ಬೇಗ ಮೂರು ನಾಲ್ಕು ಸಲ ಕೆಲಸ ಮಾಡಲೆಂದೇ ಹುಟ್ಟಿದವು. ಅವುಗಳಿಗೆ ಎರಡು ಪ್ರಯತ್ನ ಧಾರಾಳವಾಗಿ ಕೊಡಬಹುದು. ಮೂರನೆಯದು ನನಗೆ ಇಷ್ಟವಿಲ್ಲ. ಕಡಿದು ಬಿದ್ದ ತಂತಿ ತೋಟದ ಒದ್ದೆ ನೆಲದಲ್ಲಿ ಬಿದ್ದಿದ್ದರೆ ಪ್ರತಿ ಪ್ರಯತ್ನವೂ ಅದಕ್ಕೆ ಮತ್ತೆ ಜೀವ ಕೊಡುತ್ತದೆ. ಇದೇ ಕಾರಣಕ್ಕೆ ಸೆನ್ಸಿಟಿವ್ ಅರ್ತ್ ಫಾಲ್ಟ್‌ನಿಂದ ಟ್ರಿಪ್ ಆದರೆ ರಿಕ್ಲೋಸ್ ಕೂಡದು. ಕಡಿಮೆ ಕರೆಂಟಿನ ಅರ್ತ್ ಫಾಲ್ಟ್ ಎಂದರೆ ಬಹುಪಾಲು ನೆಲಕ್ಕೆ ಬಿದ್ದ ತಂತಿ.

ಒಂದು ಪುನರ್ವಸು ಮಳೆಯ ರಾತ್ರಿ

ಕರಾವಳಿಯ ಒಂದು ಸಬ್‌ಸ್ಟೇಷನ್. ಯಾವುದು ಎನ್ನುವುದು ಬೇಡ. ಫೀಡರ್‌ನ ಮೊದಲ 400 ಮೀಟರ್ ಕೇಬಲ್, ಆಮೇಲೆ ತಂತಿ. ಆಟೋ ರಿಕ್ಲೋಸ್ ಎರಡು ಪ್ರಯತ್ನಕ್ಕೆ ಇಟ್ಟಿತ್ತು. ಕೇಬಲ್ ಇದೆ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಟ್ರಿಪ್, ರಿಕ್ಲೋಸ್, ಟ್ರಿಪ್, ರಿಕ್ಲೋಸ್, ಟ್ರಿಪ್, ಕೊನೆಗೆ ತಾನಾಗಿ ಮತ್ತೆ ಹಾಕಿಕೊಳ್ಳದ ಹಾಗೆ ಲಾಕೌಟ್. ಮಳೆಗಾಲ ಅಲ್ವಾ, ಮರ ಬಿದ್ದಿರಬೇಕು ಎಂದು ಲೈನ್‌ಮನ್‌ಗಳು ಟಾರ್ಚ್ ಹಿಡಿದು ಹೊರಟರು. ಬೆಳಗಿನ ಜಾವ ಫೋನ್ ಬಂತು: "ಸರ್, ಕಡೇ ಟಿಸಿ ತನಕ ನೋಡಿ ಆಯ್ತು. ಲೈನಲ್ಲಿ ಏನೂ ಇಲ್ಲ ಮಾರಾಯ್ರೆ."

ನಾನು ಹೋಗಿ, ಕರೆಂಟ್ ನೋಡಿ ಬ್ರೇಕರ್‌ಗೆ ಟ್ರಿಪ್ ಆಜ್ಞೆ ಕೊಡುವ ರಿಲೇಯ ದಾಖಲೆ ತೆಗೆದೆ. ಮೊದಲ ಟ್ರಿಪ್‌ನಲ್ಲಿ ಒಂದೇ ಫೇಸ್ ಮತ್ತು ಅರ್ತ್. ಎರಡನೆಯದರಲ್ಲಿ ಎರಡು ಫೇಸ್. ಮೂರನೆಯದರಲ್ಲಿ ಮೂರೂ. ಮೂರು ಸಲವೂ ಕರೆಂಟ್ ಹತ್ತಿರ ಹತ್ತಿರ 5 ಕೆಎ. ಅಷ್ಟು ಕರೆಂಟ್ ದೂರದ ತಂತಿಯಲ್ಲಿ ಬರಲು ಸಾಧ್ಯವೇ ಇಲ್ಲ. ಫಾಲ್ಟ್ ಬುಡದಲ್ಲೇ ಇದೆ. ಅದೂ ಪ್ರತಿ ಸಲ ದೊಡ್ಡದಾಗುತ್ತಾ ಹೋಗಿದೆ. ಹೆದ್ದಾರಿ ಪಕ್ಕ ಅಗೆದು ನೋಡಿದಾಗ ಜಾಯಿಂಟ್ ಒಡೆದಿತ್ತು. ಹೀಟ್ ಶ್ರಿಂಕ್ ಕೊಳವೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದುಕೊಂಡಿತ್ತು. ಒಳಗೆ ಮೂರೂ ಕೋರ್ ಕರಗಿ ಒಂದಾಗಿದ್ದವು. ಸುತ್ತಲಿನ ಮರಳು ಕಪ್ಪು ಗಂಟಾಗಿತ್ತು. ಎಲ್ಲಕ್ಕಿಂತ ಬೇಸರದ್ದು, ಅದೇ ಗುಂಡಿಯಲ್ಲಿ ಒಂದು ಅಡಿ ಪಕ್ಕದಲ್ಲಿದ್ದ ಇನ್ನೊಂದು ಫೀಡರ್‌ನ ಕೇಬಲ್‌ನ ಹೊರಪದರವೂ ಸುಟ್ಟಿತ್ತು. ಮೊದಲ ಟ್ರಿಪ್‌ಗೇ ನಿಲ್ಲಿಸಿದ್ದರೆ ಒಂದು ಕೋರ್‌ನ ರಿಪೇರಿಯಲ್ಲಿ ಮುಗಿಯಬಹುದಿತ್ತು. ಆಗಿದ್ದು ಹಾಗಲ್ಲ, ಮೂರು ಮೀಟರ್ ಕೇಬಲ್ ಕತ್ತರಿಸಿ ಎರಡು ಹೊಸ ಜಾಯಿಂಟ್ ಹಾಕಬೇಕಾಯಿತು.

ಮತ್ತೆ ಮತ್ತೆ ಹಾಕಿದರೆ ಕೇಬಲ್‌ನ ಕಂಡಕ್ಟರ್ ಕರಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ನಿಜವಾದ ಕಾರಣ ಅಲ್ಲ. 185 ಚದರ ಮಿಮೀ ಅಲ್ಯೂಮಿನಿಯಂ ಎಕ್ಸ್‌ಎಲ್‌ಪಿಇ ಕೇಬಲ್ ಒಂದು ಸೆಕೆಂಡ್ ತನಕ ಸುಮಾರು 17 ಕೆಎ ತಡೆಯುತ್ತದೆ (94 × 185 ಎಂಬ ಗುಣಾಕಾರದಿಂದ). 5 ಕೆಎ ಅದಕ್ಕೆ ದೊಡ್ಡ ಮಾತಲ್ಲ. ಹಾಳಾಗುವುದು ಫಾಲ್ಟ್ ಆದ ಜಾಗ. ಅಲ್ಲಿ ಆರ್ಕ್ ಹೊರಗಿನ ಗಾಳಿಯಲ್ಲಿ ಇರುವುದಿಲ್ಲ, ಮುಚ್ಚಿದ ಕೊಳವೆಯೊಳಗೆ ಇರುತ್ತದೆ. ಅನಿಲ ಹೊರಹೋಗಲು ದಾರಿಯಿಲ್ಲ. ಮೊದಲ ಸಲದ ಬಿಸಿ ಇನ್ನೂ ಇರುವಾಗಲೇ ಎರಡನೆಯದು ಬೀಳುತ್ತದೆ. ತೆಳುವಾದ ತಾಮ್ರದ ಸ್ಕ್ರೀನ್ ಕೂಡ ಕಂಡಕ್ಟರ್‌ನಷ್ಟು ಗಟ್ಟಿಯಲ್ಲ. ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ಜೆಸಿಬಿಯ ಹಲ್ಲು ಕೇಬಲ್‌ಗೆ ತಾಗಿ ಟ್ರಿಪ್ ಆಗಿದ್ದರೆ, ಗುಂಡಿಯ ಪಕ್ಕ ಮನುಷ್ಯರು ಬಗ್ಗಿ ನೋಡುತ್ತಿರುತ್ತಾರೆ. ಸರಿಯಾಗಿ 3 ಸೆಕೆಂಡಿಗೆ ಬ್ರೇಕರ್ ಮತ್ತೆ ಹಾಕಿಕೊಳ್ಳುತ್ತದೆ.

"ಆದರೆ ಒಮ್ಮೊಮ್ಮೆ ಕೇಬಲ್ ಫೀಡರ್ ರಿಕ್ಲೋಸ್ ಆಗಿ ನಿಲ್ಲುತ್ತದಲ್ಲ?" ಎಂದು ಕೇಳುವವರಿದ್ದಾರೆ. ನಿಲ್ಲುತ್ತದೆ. ನೀರು ಹೊಕ್ಕ ಜಾಯಿಂಟ್‌ನಲ್ಲಿ ಆರ್ಕ್ ಆ ತೇವವನ್ನು ಆವಿ ಮಾಡಿ ಹೊರಗೆ ತಳ್ಳಿರುತ್ತದೆ. ನೀರು ಮತ್ತೆ ಇಳಿಯುವ ತನಕ, ಕೆಲವು ಗಂಟೆಯೋ ಕೆಲವು ದಿನವೋ, ಸುಮ್ನೆ ಇರುತ್ತದೆ. ಕೇಬಲ್ ಗುಣವಾಗಿದೆ ಎಂದು ಅದರ ಅರ್ಥ ಅಲ್ಲ.

ಮಿಶ್ರ ಫೀಡರ್‌ಗೆ ಇರುವ ದಾರಿಗಳು

ಅತಿ ಸುಲಭದ್ದು, ಇಡೀ ಫೀಡರ್‌ಗೆ ರಿಕ್ಲೋಸ್ ತೆಗೆದುಬಿಡುವುದು. ಖರ್ಚಿಲ್ಲ. ಕೇಬಲ್ ಸುರಕ್ಷಿತ. ಆದರೆ ಪ್ರತಿ ಸಿಡಿಲಿಗೂ ಹದಿನೈದು ಕಿಲೋಮೀಟರ್ ಕತ್ತಲೆ, ಆಪರೇಟರ್ ಕೈಯಲ್ಲಿ ಟೆಸ್ಟ್ ಚಾರ್ಜ್. ಅದೂ ಒಂದು ರೀತಿಯ ರಿಕ್ಲೋಸೇ ಎನ್ನುವುದನ್ನು ಮರೆಯಬಾರದು. ರಿಲೇಯ ದಾಖಲೆ ನೋಡದೆ ಮೂರು ಸಲ ಕೈಯಿಂದ ಹಾಕಿದರೆ ಕೇಬಲ್‌ಗೆ ಆಗುವ ಗತಿ ಒಂದೇ. ಲೈನಿನ ಮುಕ್ಕಾಲು ಪಾಲು ಕೇಬಲ್ ಆಗಿರುವ ಪೇಟೆ ಫೀಡರ್‌ಗೆ ಇದೇ ಸರಿ. ಏರಿಯಲ್ ಬಂಚ್ಡ್ ಕೇಬಲ್ ಹಾಕಿದ ಲೈನನ್ನೂ ಕೇಬಲ್ ಎಂದೇ ಎಣಿಸಿ. ಅದು ಕಂಬದ ಮೇಲಿದೆ ಎನ್ನುವುದಕ್ಕೆ ಮೋಸ ಹೋಗಬೇಡಿ.

ದುಡ್ಡಿಲ್ಲದೆ ಆಗುವ ಎರಡನೇ ದಾರಿ ಕರೆಂಟ್ ನೋಡಿ ತಡೆಯುವುದು. ದೊಡ್ಡ ಕರೆಂಟ್ ಎಂದರೆ ಹತ್ತಿರದ ಫಾಲ್ಟ್, ಹತ್ತಿರ ಎಂದರೆ ಕೇಬಲ್. ಇದನ್ನು ಆ ಫೀಡರ್‌ಗೇ ಲೆಕ್ಕ ಹಾಕಿ ನೋಡೋಣ. ಟ್ರಾನ್ಸ್‌ಫಾರ್ಮರ್ 10 ಎಂವಿಎ, ಇಂಪಿಡೆನ್ಸ್ 10 ಪರ್ಸೆಂಟ್. ಪೂರ್ತಿ ಲೋಡ್ ಕರೆಂಟ್ 525 ಆಂಪಿಯರ್, ಹಾಗಾಗಿ ಬಸ್‌ನಲ್ಲಿ ಮೂರು ಫೇಸ್ ಫಾಲ್ಟ್ ಆದರೆ ಹೆಚ್ಚೆಂದರೆ 5.25 ಕೆಎ. 400 ಮೀಟರ್ ಕೇಬಲ್‌ನ ಕೊನೆಯಲ್ಲಿ 5.08 ಕೆಎ. ವ್ಯತ್ಯಾಸ ಮೂರೇ ಪರ್ಸೆಂಟ್. ಅಂದರೆ ಕೇಬಲ್‌ನ ತುದಿಯಲ್ಲಿ ಗೆರೆ ಎಳೆದ ಹಾಗೆ ಸೆಟ್ಟಿಂಗ್ ಇಡಲು ಆಗುವುದೇ ಇಲ್ಲ. ಆದರೆ ರ‍್ಯಾಬಿಟ್ ತಂತಿಯಲ್ಲಿ ಮುಂದೆ ಹೋದರೆ ಕರೆಂಟ್ ಬೇಗ ಇಳಿಯುತ್ತದೆ. ಎರಡು ಕಿಲೋಮೀಟರ್ ದಾಟಿದರೆ ಸುಮಾರು 2.75 ಕೆಎ. 4 ಕೆಎ ಬರುವುದು ತಂತಿಯಲ್ಲಿ ಸುಮಾರು 700 ಮೀಟರ್ ದೂರದಲ್ಲಿ.

ಹಾಗಾಗಿ 4 ಕೆಎಗಿಂತ ಜಾಸ್ತಿ ಕರೆಂಟ್ ಬಂದರೆ ರಿಕ್ಲೋಸ್ ಇಲ್ಲ ಎಂದು ಇಟ್ಟರೆ ಪೂರ್ತಿ ಕೇಬಲ್ ರಕ್ಷಣೆಯೊಳಗೆ ಬರುತ್ತದೆ. ಜೊತೆಗೆ ತಂತಿಯ ಮೊದಲ 700 ಮೀಟರ್‌ಗೆ ರಿಕ್ಲೋಸ್‌ನ ಲಾಭ ತಪ್ಪುತ್ತದೆ. ಹದಿನೈದು ಕಿಲೋಮೀಟರ್‌ನಲ್ಲಿ ಅಷ್ಟು ಕಳೆದುಕೊಂಡರೆ ನಷ್ಟವಲ್ಲ. ಸಬ್‌ಸ್ಟೇಷನ್‌ಗೆ ಹತ್ತಿರದ ಭಾಗವನ್ನು ನಡೆದು ನೋಡಲು ಹತ್ತು ನಿಮಿಷ ಸಾಕು.

ಇದರ ಮಿತಿ ಏನು? ಸೋರ್ಸ್ ದುರ್ಬಲವಾದರೆ ಲೆಕ್ಕ ಕೆಡುತ್ತದೆ. ಫೀಡರ್‌ಗೆ ಇನ್ನೊಂದು ಕಡೆಯಿಂದ, ಉದ್ದದ ಲೈನ್ ಮೂಲಕ ಬ್ಯಾಕ್‌ಫೀಡ್ ಕೊಟ್ಟ ದಿನ ಕೇಬಲ್ ಫಾಲ್ಟ್‌ಗೂ 4 ಕೆಎ ಬರುವುದಿಲ್ಲ. ಆಗ ತಡೆ ಕೆಲಸ ಮಾಡುವುದಿಲ್ಲ, ರಿಕ್ಲೋಸ್ ಆಗಿಯೇ ಆಗುತ್ತದೆ. ಹಾಗಾಗಿ ಬ್ಯಾಕ್‌ಫೀಡ್ ಕೊಡುವಾಗ ಫೀಡ್ ಕೊಡುವ ಕಡೆಯ ಬ್ರೇಕರ್‌ನಲ್ಲಿ ರಿಕ್ಲೋಸ್ ಸ್ವಿಚ್ ಆಫ್ ಮಾಡುವುದು ಕಡ್ಡಾಯ. ಅರ್ತ್ ಫಾಲ್ಟ್‌ಗೆ ಈ ಲೆಕ್ಕವನ್ನು ಬೇರೆಯಾಗಿ ಮಾಡಬೇಕು. ಕರೆಂಟನ್ನು ಇಳಿಸಿ ರಿಲೇಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿಯನ್ನೂ ನೋಡಿಕೊಳ್ಳಿ. 400/1 ಸಿಟಿಗೆ 5.25 ಕೆಎ ಎಂದರೆ 13 ಪಟ್ಟು. 5ಪಿ10 ಸಿಟಿ ಅಷ್ಟರಲ್ಲಿ ಸ್ಯಾಚುರೇಟ್ ಆಗಿ ರಿಲೇಗೆ ಕಡಿಮೆ ತೋರಿಸಬಹುದು. 5ಪಿ20 ಇದ್ದರೆ ಚಿಂತೆಯಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟದ್ದು. ಕೇಬಲ್ ಕಂಬ ಹತ್ತುವ ಜಾಗದ ಮುಂದಿನ ಕಂಬದಲ್ಲಿ ರಿಕ್ಲೋಸರ್ ಕೂರಿಸಿ. ಸಬ್‌ಸ್ಟೇಷನ್ ಬ್ರೇಕರ್‌ನಲ್ಲಿ ರಿಕ್ಲೋಸ್ ಪೂರ್ತಿ ತೆಗೆಯಿರಿ. ತಂತಿಯ ಫಾಲ್ಟ್ ರಿಕ್ಲೋಸರ್‌ನ ಪಾಲು, ಕೇಬಲ್‌ನದು ಬ್ರೇಕರ್‌ನ ಪಾಲು. ಕೇಬಲ್ ಟರ್ಮಿನೇಷನ್ ಕೂಡ ಬ್ರೇಕರ್‌ನ ಪಾಲಿಗೇ ಬರುತ್ತದೆ. ಉಪ್ಪುಗಾಳಿಯಲ್ಲಿ ಜಾಸ್ತಿ ಕೈಕೊಡುವುದು ಅದೇ ಆದ್ದರಿಂದ ಇದು ದೊಡ್ಡ ಲಾಭ. ಬದಲಿಗೆ ಕೊಡಬೇಕಾದ ಬೆಲೆ ಒಂದಿದೆ. ಮೇಲಿನ ಮೂರು ಪರ್ಸೆಂಟ್ ಲೆಕ್ಕ ನೆನಪಿದೆಯಲ್ಲ, ಕರೆಂಟ್‌ನಿಂದ ಇಬ್ಬರ ಗಡಿ ಗುರುತಿಸಲು ಆಗುವುದಿಲ್ಲ. ಸಮಯದಿಂದಲೇ ಗುರುತಿಸಬೇಕು. ಬ್ರೇಕರ್ ರಿಕ್ಲೋಸರ್‌ಗಿಂತ ಸುಮಾರು 0.3 ಸೆಕೆಂಡ್ ತಡವಾಗಿ ಟ್ರಿಪ್ ಆಗಬೇಕು. ಕಾಯದೆ ತಕ್ಷಣ ಟ್ರಿಪ್ ಮಾಡುವ ಅದರ ಇನ್‌ಸ್ಟಂಟೇನಿಯಸ್ ಸೆಟ್ಟಿಂಗ್ ತೆಗೆಯಬೇಕು. ಕೇಬಲ್ ಫಾಲ್ಟ್ ಅಷ್ಟು ಹೊತ್ತು ಜಾಸ್ತಿ ಉರಿಯುತ್ತದೆ. ಆದರೆ ಒಂದೇ ಸಲ. ಮೂರು ಸಲ ಉರಿಯುವುದಕ್ಕಿಂತ ಇದು ಎಷ್ಟೋ ವಾಸಿ.

ನಾಲ್ಕನೆಯದು ಕೇಬಲ್‌ಗೇ ಡಿಫರೆನ್ಷಿಯಲ್ ರಿಲೇ. ಎರಡೂ ತುದಿಯ ಸಿಟಿ ಹೋಲಿಸಿ, ಫಾಲ್ಟ್ ಒಳಗಿದ್ದರೆ ತಕ್ಷಣ ಟ್ರಿಪ್, ಜೊತೆಗೆ ರಿಕ್ಲೋಸ್‌ಗೆ ತಡೆ. ಇದಕ್ಕಿಂತ ಖಚಿತವಾದದ್ದು ಇಲ್ಲ. ಫೈಬರ್, ಕಂಬದ ಬಳಿ ಪೆಟ್ಟಿಗೆ, ಬ್ಯಾಟರಿ ಎಲ್ಲ ಬೇಕು. ಆಸ್ಪತ್ರೆ, ಬಂದರಿನಂಥ ಮುಖ್ಯ ಲೋಡ್ ಇದ್ದರೆ ಯೋಚಿಸಿ. ಇದರ ಬಡ ತಮ್ಮ ಎನ್ನಬಹುದಾದ ಇನ್ನೊಂದು ಉಪಾಯ ಇದೆ. ಕಂಬದ ಬಳಿ ಫಾಲ್ಟ್ ಪ್ಯಾಸೇಜ್ ಇಂಡಿಕೇಟರ್ ಹಾಕಿ, ಫಾಲ್ಟ್ ಕರೆಂಟ್ ತನ್ನನ್ನು ದಾಟಿ ಹೋಯಿತು ಎಂದು ಅದು ಹೇಳಿದರೆ ಮಾತ್ರ ರಿಕ್ಲೋಸ್‌ಗೆ ಅನುಮತಿ ಕೊಡುವುದು. ಸಂದೇಶ ಬರದಿದ್ದರೆ ರಿಕ್ಲೋಸ್ ಇಲ್ಲ. ಹೀಗೆ 'ಅನುಮತಿ' ಎಂದೇ ಇಡಿ, 'ತಡೆ' ಎಂದು ಇಡಬೇಡಿ. ಮಳೆಯಲ್ಲಿ ಮೊಬೈಲ್ ಸಿಗ್ನಲ್ ಹೋದರೂ ಆಗ ಕೇಬಲ್‌ಗೆ ಏನೂ ಆಗುವುದಿಲ್ಲ. ಸಂದೇಶ ಬಂದು ಮುಟ್ಟಲು ಸಮಯ ಬೇಕು, ಆದ್ದರಿಂದ ಇಲ್ಲಿ 0.3 ಸೆಕೆಂಡಿನ ಡೆಡ್ ಟೈಮ್ ನಡೆಯುವುದಿಲ್ಲ. 3 ಸೆಕೆಂಡ್ ಇಡಲು ಇದೂ ಒಂದು ಕಾರಣ.

ಕೇಬಲ್ ಫೀಡರ್‌ನ ನಡುವೆ ಎರಡು ಮೂರು ಕಡೆ ತುಂಡಾಗಿ ಇದ್ದರೆ ಮೇಲಿನ ಯಾವುದೂ ಪೂರ್ತಿ ಉತ್ತರ ಅಲ್ಲ. ಹೊಳೆ ದಾಟುವ ಐವತ್ತು ಮೀಟರ್ ಕೇಬಲ್‌ಗಾಗಿ ಇಡೀ ಲೈನಿನ ರಿಕ್ಲೋಸ್ ತೆಗೆಯಲು ನಾನು ಹೇಳುವುದಿಲ್ಲ, ಒಂದೇ ಪ್ರಯತ್ನಕ್ಕೆ ಇಳಿಸಿ. ಆದರೆ ಆ ತುಂಡು ಜನ ಅಗೆಯುವ ರಸ್ತೆ ಪಕ್ಕ ಇದ್ದರೆ, ಎಷ್ಟೇ ಚಿಕ್ಕದಿರಲಿ, ಅದರ ಹಿಂದಿನ ಬ್ರೇಕರ್‌ಗೆ ರಿಕ್ಲೋಸ್ ಬೇಡ. ತಂತಿ ಮತ್ತೆ ಶುರುವಾಗುವಲ್ಲಿ ರಿಕ್ಲೋಸರ್ ಹಾಕಿ.

ನಾವು ಕೊನೆಗೆ ಮಾಡಿದ್ದು

ಆ ಫೀಡರ್‌ಗೆ ರಿಕ್ಲೋಸರ್ ಕೊಳ್ಳಲು ಆ ವರ್ಷ ದುಡ್ಡಿರಲಿಲ್ಲ. 4 ಕೆಎ ತಡೆಯನ್ನೇ ಆರಿಸಿದೆವು. ನೇಮ್‌ಪ್ಲೇಟ್‌ನಲ್ಲಿ 3 ನಿಮಿಷ ಎಂದಿತ್ತು, ಆದ್ದರಿಂದ ಒಂದೇ ಪ್ರಯತ್ನ. ಡೆಡ್ ಟೈಮ್ 3 ಸೆಕೆಂಡ್. ರಿಕ್ಲೇಮ್ ಟೈಮ್ 180 ಸೆಕೆಂಡ್, ಅಂದರೆ ರಿಕ್ಲೋಸ್ ಆಗಿ ನಿಂತ ಮೇಲೆ ಮೂರು ನಿಮಿಷದೊಳಗೆ ಮತ್ತೆ ಫಾಲ್ಟ್ ಬಂದರೆ ನೇರ ಲಾಕೌಟ್. ಕೈಯಿಂದ ಹಾಕಿದ ಕೂಡಲೇ ಟ್ರಿಪ್ ಆದರೂ ರಿಕ್ಲೋಸ್ ಇಲ್ಲ.

ಸೆಟ್ಟಿಂಗ್ ಬರೆದಿಟ್ಟರೆ ಕೆಲಸ ಮುಗಿಯಲಿಲ್ಲ, ಟೆಸ್ಟ್ ಕಿಟ್ ಹಿಡಿದು ನೋಡಿದೆವು. ಸಿಟಿ 400/1, ಆದ್ದರಿಂದ 4.5 ಕೆಎ ಎಂದರೆ ರಿಲೇಗೆ 11.25 ಆಂಪಿಯರ್. ಅಷ್ಟು ಕೊಟ್ಟಾಗ ಬ್ರೇಕರ್ ಬಿತ್ತು, ಬಿದ್ದೇ ಇತ್ತು, ಲಾಕೌಟ್ ದೀಪ ಹತ್ತಿತು. ಲಾಕೌಟ್ ರೀಸೆಟ್ ಮಾಡಿ 6.25 ಆಂಪಿಯರ್, ಅಂದರೆ 2.5 ಕೆಎ ಕೊಟ್ಟಾಗ ಬಿತ್ತು, ಮೂರು ಎಣಿಸುವಷ್ಟರಲ್ಲಿ ಹಾಕಿಕೊಂಡಿತು. ಪ್ಯಾನೆಲ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದೆವು: "ಲಾಕೌಟ್ ಆದರೆ ಮೊದಲು ಕರೆಂಟ್ ಓದಿ. 4 ಕೆಎ ಮೇಲಿದ್ದರೆ ಟೆಸ್ಟ್ ಚಾರ್ಜ್ ಬೇಡ, ಕೇಬಲ್ ಬಿಡಿಸಿ ಮೆಗ್ಗರ್ ಮಾಡಿ. ಕಡಿಮೆ ಇದ್ದರೆ ಲೈನ್ ನೋಡಿ." ಈಗ ರಾತ್ರಿ ಟ್ರಿಪ್ ಆದರೆ ಲೈನ್‌ಮನ್ ಮೊದಲು ಕೇಳುವುದು, "ಸರ್, ಎಷ್ಟು ಕೆಎ ತೋರಿಸ್ತು?" ಅದು ಗೊತ್ತಾದ ಮೇಲೇ ಟಾರ್ಚ್ ತೆಗೆದುಕೊಳ್ಳುತ್ತಾರೆ.